ದೂರದ ಬಸ್ ಪ್ರಯಾಣ, ವಾಂತಿ ಮತ್ತು ಗಡಿಯಾರ: ಸೀಟು, ಊಟ, ಶುಂಠಿ, ಮಾತ್ರೆ ಯಾವಾಗ, ಹೇಗೆ

ಬಸ್ಸಿನಲ್ಲಿ ಹೊಟ್ಟೆ ತೊಳಸಲು ಶುರುವಾದ ಮೇಲೆ ಹೆಚ್ಚಿನವರು ಬ್ಯಾಗಿನಲ್ಲಿ ಮಾತ್ರೆ ಹುಡುಕುತ್ತಾರೆ. ಆ ಹೊತ್ತಿಗೆ ನುಂಗಿದ ಮಾತ್ರೆಯಿಂದ ಪ್ರಯೋಜನ ಕಡಿಮೆ. ವಾಕರಿಕೆ ಬಂತು ಅಂದರೆ ಹೊಟ್ಟೆ ಆಗಲೇ ತನ್ನ ಕೆಲಸ ನಿಧಾನ ಮಾಡಿದೆ ಎಂದರ್ಥ. ಒಳಗಿರುವುದು ಕೆಳಗೆ ಕರುಳಿಗೆ ಸರಿಯಾಗಿ ಇಳಿಯುವುದಿಲ್ಲ. ಮಾತ್ರೆ ರಕ್ತಕ್ಕೆ ಸೇರುವುದೋ ಬಹುಪಾಲು ಕರುಳಿನಲ್ಲಿ. ಹೀಗಾಗಿ ಅದು ಹೊಟ್ಟೆಯಲ್ಲೇ ಕೂತಿರುತ್ತದೆ, ಮುಂದಿನ ತಿರುವಿನಲ್ಲಿ ವಾಂತಿಯ ಜೊತೆ ಹೊರಗೂ ಬರುತ್ತದೆ. "ನಂಗೆ ಯಾವ ಮಾತ್ರೆನೂ ಹಿಡಿಸಲ್ಲ" ಎನ್ನುವವರನ್ನು ಸ್ವಲ್ಪ ಕೆದಕಿ ಕೇಳಿದರೆ, ಅವರು ಮಾತ್ರೆ ತಗೊಂಡದ್ದು ತಡವಾಗಿ ಎಂಬುದು ಎಷ್ಟೋ ಸಲ ಗೊತ್ತಾಗುತ್ತದೆ.

ಆದ್ದರಿಂದ ಇಲ್ಲಿ ಹೇಳುವುದೆಲ್ಲ ಗಡಿಯಾರ ನೋಡಿಕೊಂಡು ಮಾಡುವ ಕೆಲಸ. ಯಾವುದನ್ನು ಯಾವಾಗ ಮಾಡಬೇಕು ಎನ್ನುವುದು ಏನು ಮಾಡಬೇಕು ಎನ್ನುವುದರಷ್ಟೇ ಮುಖ್ಯ.

ತೊಂದರೆ ಶುರುವಾಗುವುದು ಎಲ್ಲಿ

ನಮ್ಮ ಒಳಕಿವಿಯಲ್ಲಿ ಚಲನೆಯನ್ನು ಗುರುತಿಸುವ ಅಂಗವಿದೆ. ಬಸ್ಸು ತಿರುಗಿತು, ಬ್ರೇಕ್ ಬಿತ್ತು, ವಾಲಿತು ಎಂಬುದನ್ನೆಲ್ಲ ಅದು ಮಿದುಳಿಗೆ ಹೇಳುತ್ತಿರುತ್ತದೆ. ಅದೇ ಹೊತ್ತಿಗೆ ಕಣ್ಣು ನೋಡುತ್ತಿರುವುದು ಮುಂದಿನ ಸೀಟಿನ ಬೆನ್ನು ಅಥವಾ ಫೋನಿನ ಪರದೆ. ಅದು ಅಲ್ಲಾಡುತ್ತಿಲ್ಲ. ಕಿವಿ "ಓಡುತ್ತಿದ್ದೇವೆ" ಎನ್ನುತ್ತದೆ, ಕಣ್ಣು "ಕೂತಿದ್ದೇವೆ" ಎನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ಇರುವುದೇ ವಾಕರಿಕೆಗೆ ಮೂಲ. ಹೊಟ್ಟೆಯಲ್ಲಿ ದೋಷ ಇರುವುದಿಲ್ಲ. ತೊಂದರೆ ಮಿದುಳಿನಲ್ಲಿ ಹುಟ್ಟಿ ಹೊಟ್ಟೆಗೆ ಇಳಿಯುತ್ತದೆ.

ಇನ್ನೊಂದು ವಿಷಯ ತಿಳಿದಿದ್ದರೆ ಸೀಟು ಆರಿಸುವುದು ಸುಲಭ. ಚಿಕ್ಕ ಚಿಕ್ಕ ಗುಂಡಿಗಳ ಗಡಗಡ ಕುಲುಕಾಟ ಕಿರಿಕಿರಿ ಮಾಡುತ್ತದೆಯೇ ಹೊರತು ಅಷ್ಟಾಗಿ ವಾಂತಿ ಬರಿಸುವುದಿಲ್ಲ. ವಾಂತಿ ಬರಿಸುವುದು ನಿಧಾನದ ತೂಗಾಟ. ಸುಮಾರು ಐದು ಸೆಕೆಂಡಿಗೊಮ್ಮೆ ಆ ಕಡೆ ಈ ಕಡೆ ಒಯ್ಯುವಂಥದ್ದು. ಘಾಟಿಯ ತಿರುವುಗಳಲ್ಲಿ, ಬ್ರೇಕ್ ಹಾಕುತ್ತಾ ಬಿಡುತ್ತಾ ಸಾಗುವ ಟ್ರಾಫಿಕ್‌ನಲ್ಲಿ ಇದು ಸಿಗುತ್ತದೆ. ನೇರವಾದ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಚೆನ್ನಾಗಿದ್ದವರು ಘಾಟಿ ಶುರುವಾದ ಹತ್ತು ನಿಮಿಷಕ್ಕೆ ಬೆಳ್ಳಗಾಗುವುದು ಇದಕ್ಕೇ.

ಸೀಟು ಆರಿಸುವಾಗ ಎರಡು ಪ್ರಶ್ನೆ

ಮೊದಲ ಪ್ರಶ್ನೆ: ಕೂತಲ್ಲಿಂದ ಮುಂದಿನ ರಸ್ತೆ ಕಾಣುತ್ತದೆಯಾ? ಬ್ರಿಟನ್‌ನಲ್ಲಿ ದೂರದ ಬಸ್ಸುಗಳ ಮೂರು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ರಸ್ತೆ ಕಾಣದೆ ಕೂತವರಿಗೆ ಈ ತೊಂದರೆ ಹೆಚ್ಚು ಎಂಬುದು ಎದ್ದು ಕಂಡಿತ್ತು. ರಸ್ತೆ ಕಂಡರೆ ತಿರುವು ಬರುವ ಮೊದಲೇ ಮಿದುಳಿಗೆ ಗೊತ್ತಾಗುತ್ತದೆ. ಕಿವಿ, ಕಣ್ಣು ಎರಡೂ ಒಂದೇ ಸುದ್ದಿ ಹೇಳುತ್ತವೆ. ಬಸ್ ಓಡಿಸುವವರಿಗೆ ವಾಂತಿ ಬರುವುದು ಅಪರೂಪ ಅಲ್ವಾ? ಸ್ಟೀರಿಂಗ್ ಅವರ ಕೈಯಲ್ಲೇ ಇರುತ್ತದೆ, ಮುಂದೇನು ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಎರಡನೆಯ ಪ್ರಶ್ನೆ: ಸೀಟು ಮುಂದಿನ ಚಕ್ರ, ಹಿಂದಿನ ಚಕ್ರಗಳ ನಡುವೆ ಇದೆಯಾ? ಹಿಂದಿನ ಚಕ್ರ ದಾಟಿದ ಮೇಲಿನ ಭಾಗ ತಿರುವಿನಲ್ಲಿ ಅಗಲವಾಗಿ ಬೀಸುತ್ತದೆ, ಉಬ್ಬಿನ ಮೇಲೆ ಎತ್ತಿ ಹಾಕುತ್ತದೆ. ಎಂಜಿನ್ ಹಿಂದೆ ಇರುವ ಬಸ್ಸಾದರೆ ಬಿಸಿ, ಸದ್ದು, ಹೊಗೆಯ ವಾಸನೆ ಎಲ್ಲ ಜೊತೆಗೆ. ಬುಕಿಂಗ್ ಮಾಡುವಾಗ ತೋರಿಸುವ ನಕ್ಷೆಯಲ್ಲಿ ಚಕ್ರ ಎಲ್ಲಿದೆ ಎಂದು ಇರುವುದಿಲ್ಲ. ಕೊನೆಯ ಮೂರು ನಾಲ್ಕು ಸಾಲು ಹಿಂದಿನ ಚಕ್ರದ ಮೇಲೋ ಅದರ ಹಿಂದೋ ಇರುತ್ತವೆ ಎಂದುಕೊಂಡು ಅವನ್ನು ಬಿಟ್ಟುಬಿಡಿ.

ಎರಡಕ್ಕೂ ಹೊಂದುವುದು ಎರಡರಿಂದ ನಾಲ್ಕನೇ ಸಾಲಿನೊಳಗೆ, ಓಡಾಡುವ ದಾರಿಯ ಪಕ್ಕದ ಸೀಟು. ಕಿಟಕಿ ಪಕ್ಕ ಅಲ್ಲ, ದಾರಿಯ ಪಕ್ಕ. ಇದು ಎಷ್ಟೋ ಜನಕ್ಕೆ ಒಪ್ಪಿಗೆ ಆಗುವುದಿಲ್ಲ, ಕಿಟಕಿಯ ಗಾಳಿ ಬೇಕೇ ಬೇಕು ಎನ್ನುತ್ತಾರೆ. ಗಾಳಿ ಒಳ್ಳೆಯದೇ. ಆದರೆ ಪಕ್ಕದ ಕಿಟಕಿಯಿಂದ ಕಾಣುವುದು ಕಣ್ಣಿನ ಹತ್ತಿರದಲ್ಲೇ ಸರ್ರನೆ ಹಿಂದೆ ಹೋಗುವ ಕಂಬ, ಗಿಡ, ಗೋಡೆ. ಅದನ್ನು ನೋಡುತ್ತಾ ಕೂತರೆ ತೊಂದರೆ ಜಾಸ್ತಿಯಾಗುತ್ತದೆ. ದಾರಿಯ ಪಕ್ಕ ಕೂತರೆ ಮುಂದಿನ ಗಾಜಿನ ಮೂಲಕ ದೂರದ ರಸ್ತೆ ಕಾಣುತ್ತದೆ. ಕಿಟಕಿ ಸೀಟೇ ಸಿಕ್ಕರೂ ಚಿಂತೆಯಿಲ್ಲ, ನೋಟವನ್ನು ದೂರದ ಗುಡ್ಡದ ಮೇಲೋ ಆಕಾಶ ನೆಲ ಕೂಡುವ ಗೆರೆಯ ಮೇಲೋ ಇಡಿ.

ಒಂದು ಎಚ್ಚರ. ಕೆಲವು ಬಸ್ಸುಗಳಲ್ಲಿ ಡ್ರೈವರ್ ಹಿಂದೆ ಪೂರ್ತಿ ಗೋಡೆ ಇರುತ್ತದೆ ಅಥವಾ ಪರದೆ ಎಳೆದಿರುತ್ತಾರೆ. ಅಂಥ ಬಸ್ಸಿನಲ್ಲಿ ಮೊದಲ ಸಾಲಿನಿಂದ ಲಾಭವಿಲ್ಲ. ಅಲ್ಲಿ ಬಸ್ಸಿನ ನಡುಭಾಗವೇ ಮೇಲು. ಹಿಂದಕ್ಕೆ ಮುಖ ಮಾಡಿರುವ ಅಥವಾ ಅಡ್ಡ ಇರುವ ಸೀಟು ಮಾತ್ರ ಎಲ್ಲಿದ್ದರೂ ಬೇಡ.

ಸ್ಲೀಪರ್ ಬಸ್ಸಾದರೆ ಲೆಕ್ಕ ಬೇರೆ. ಮೇಲಿನ ಬರ್ತ್‌ನಲ್ಲಿ ತೂಗಾಟ ಹೆಚ್ಚು, ಯಾಕೆಂದರೆ ಬಸ್ಸು ವಾಲುವುದು ಬುಡದಿಂದ. ಮೇಲೆ ಹೋದಷ್ಟೂ ಬೀಸು ದೊಡ್ಡದು. ಕೆಳಗಿನ ಬರ್ತ್, ನಡುಭಾಗದಲ್ಲಿ ತಗೊಳ್ಳಿ. ಅಂಗಾತ ಮಲಗಿ ಕಣ್ಣು ಮುಚ್ಚಿದರೆ ಕಣ್ಣಿನ ತಕರಾರು ಅಷ್ಟರಮಟ್ಟಿಗೆ ನಿಲ್ಲುತ್ತದೆ. ಪರದೆ ಎಳೆದುಕೊಂಡು ಎದ್ದು ಕೂತು ಫೋನ್ ನೋಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿನದೂ ಕಾಣುವುದಿಲ್ಲ, ಮಲಗಿದ ಲಾಭವೂ ಇಲ್ಲ.

ಹೊಟ್ಟೆಗೆ ಏನು, ಎಷ್ಟು

ವಾಂತಿ ಆಗುತ್ತದೆಂದು ಏನೂ ತಿನ್ನದೆ ಹೊರಡುವುದು ತುಂಬ ಜನರ ಅಭ್ಯಾಸ. ಇದರಿಂದ ಒಳ್ಳೆಯದಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬೇಗ ಬರುತ್ತದೆ. ವಾಂತಿಯಾದರೆ ಬರೀ ಹುಳಿನೀರು, ಹಳದಿ ಪಿತ್ತ ಬಂದು ಗಂಟಲು ಉರಿಯುತ್ತದೆ. ಮಾತ್ರೆಗೂ ಶುಂಠಿಗೂ ಹೊಟ್ಟೆಯಲ್ಲಿ ಸ್ವಲ್ಪ ಏನಾದರೂ ಇದ್ದರೆ ಒಳ್ಳೆಯದು.

ಹೊರಡುವ ಸುಮಾರು ಎರಡು ಗಂಟೆ ಮೊದಲು, ದಿನ ತಿನ್ನುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಿನ್ನಿ. ಎಣ್ಣೆ, ತುಪ್ಪ, ಬೆಣ್ಣೆ ಕಡಿಮೆ ಇರಲಿ. ಜಿಡ್ಡು ಹೊಟ್ಟೆಯಿಂದ ಇಳಿಯಲು ತುಂಬ ಹೊತ್ತು ಹಿಡಿಯುತ್ತದೆ, ಅಸಲಿ ಕಾರಣ ಅಷ್ಟೇ. ಅನ್ನ, ಬ್ರೆಡ್, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ ಇಂಥವು ಸಾಕು. ದಾರಿಯಲ್ಲಿ ಒಂದೂವರೆ ಎರಡು ಗಂಟೆಗೊಮ್ಮೆ ಎರಡು ಮೂರು ಸಪ್ಪೆ ಬಿಸ್ಕತ್ತು ತಿನ್ನಿ, ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಗಟಗಟ ಒಂದು ಬಾಟಲಿ ಕುಡಿದರೆ ಅದೇ ಹೊಟ್ಟೆಯೊಳಗೆ ತುಳುಕಾಡುತ್ತದೆ.

ಎಚ್ಚರ ಬೇಕಾಗಿರುವುದು ಊಟಕ್ಕೆ ಬಸ್ ನಿಲ್ಲಿಸಿದಾಗ. ಬೆಳಗ್ಗೆಯೆಲ್ಲ ಹುಷಾರಾಗಿದ್ದವರು ಅಲ್ಲಿ ಹಸಿವಿಗೆ ಗಟ್ಟಿಯಾಗಿ ಉಂಡುಬಿಡುತ್ತಾರೆ. ಅದಾದ ಅರ್ಧ ಗಂಟೆಗೆ ಘಾಟಿ ಬಂದರೆ ಮುಗಿಯಿತು. ಮುಂದಿನ ರಸ್ತೆ ಎಂಥದ್ದು ಎಂದು ಕಂಡಕ್ಟರನ್ನೋ ಡ್ರೈವರನ್ನೋ ಕೇಳಿ ಆಮೇಲೆ ಎಷ್ಟು ತಿನ್ನಬೇಕೆಂದು ತೀರ್ಮಾನಿಸಿ.

ಶುಂಠಿ: ಎಷ್ಟು ನಂಬಬಹುದು

ಶುಂಠಿ ಕೆಲಸ ಮಾಡುವುದು ಹೊಟ್ಟೆಯ ಮಟ್ಟದಲ್ಲಿ. ಕಿವಿ ಮತ್ತು ಕಣ್ಣಿನ ಜಗಳವನ್ನು ಅದು ಬಿಡಿಸುವುದಿಲ್ಲ. ಪ್ರಯೋಗಗಳ ಫಲಿತಾಂಶವೂ ಒಂದೇ ಥರ ಇಲ್ಲ. ಕೆಲವದರಲ್ಲಿ ವಾಕರಿಕೆ ತಡವಾಗಿ ಬಂದಿದೆ, ಕಡಿಮೆಯಾಗಿದೆ. ಕೆಲವದರಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ. ನನ್ನ ಅಭಿಪ್ರಾಯ ಇಷ್ಟು: ತೊಳಸುವಿಕೆ ಮಾತ್ರ ಇದ್ದು ವಾಂತಿ ಅಪರೂಪ ಎನ್ನುವವರಿಗೆ ಶುಂಠಿ ಸಾಕಾಗಬಹುದು. ಪ್ರತಿ ಘಾಟಿಯಲ್ಲೂ ವಾಂತಿ ಮಾಡುವವರು ಬರೀ ಶುಂಠಿ ನಂಬಿ ಹೊರಡಬಾರದು.

ಅಳತೆ ಮುಖ್ಯ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು 1ರಿಂದ 2 ಗ್ರಾಂ ಒಣಶುಂಠಿ ಪುಡಿ. ಒಂದು ಗ್ರಾಂ ಅಂದರೆ ಟೀ ಚಮಚದಲ್ಲಿ ಸಮಮಟ್ಟಕ್ಕೆ ಸುಮಾರು ಅರ್ಧ. ಹಸಿ ಶುಂಠಿಯಲ್ಲಿ ಬಹುಪಾಲು ನೀರೇ ಇರುವುದರಿಂದ ಅದರ ನಾಲ್ಕೈದು ಪಟ್ಟು ಬೇಕು, ಅಂದರೆ ಹೆಬ್ಬೆರಳಿನ ತುದಿಯಷ್ಟು ತುಂಡು. ತುರಿದು ಬಿಸಿನೀರಿನಲ್ಲಿ ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಸೋಸದೆ ತುರಿಯ ಸಮೇತ ಕುಡಿಯಿರಿ. ಸೋಸಿದರೆ ಸತ್ವದ ಒಂದು ಪಾಲು ಜರಡಿಯಲ್ಲೇ ಉಳಿಯುತ್ತದೆ. ಹೊರಡುವ ಒಂದು ಗಂಟೆ ಮೊದಲು, ತಿಂದ ಮೇಲೆ ತಗೊಳ್ಳಿ. ಖಾಲಿ ಹೊಟ್ಟೆಗೆ ಕುಡಿದರೆ ಎದೆಯುರಿ ಬರುತ್ತದೆ, ಆ ಉರಿ ಬಸ್ಸಿನಲ್ಲಿ ವಾಕರಿಕೆಯ ಜೊತೆ ಸೇರಿಕೊಳ್ಳುತ್ತದೆ.

ನಾಲ್ಕು ಗಂಟೆ ಬಿಟ್ಟು ಇನ್ನೊಮ್ಮೆ ತಗೊಳ್ಳಬಹುದು. ದಿನಕ್ಕೆ ಒಟ್ಟು 4 ಗ್ರಾಂ ಒಣಶುಂಠಿಯ ಮೇಲೆ ಹೋಗಬೇಡಿ. ಅಂಗಡಿಯ ಶುಂಠಿ ಮಿಠಾಯಿಯಲ್ಲಿ, ಶುಂಠಿ ಹೆಸರಿನ ತಂಪು ಪಾನೀಯದಲ್ಲಿ ಇರುವುದು ಹೆಚ್ಚಾಗಿ ಸಕ್ಕರೆ ಮತ್ತು ರುಚಿ. ಬಾಯಿ ಚೊಕ್ಕವಾಗಿಡಲು ಅವು ಸರಿ, ಔಷಧಿ ಅಂತ ಲೆಕ್ಕ ಹಾಕಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಈ ಅಳತೆಗೆ ಹೋಗಬೇಕು.

ಮಾತ್ರೆ: ಹೆಸರಿಗಿಂತ ಹೊತ್ತು ಮುಖ್ಯ

ಮಾತ್ರೆಯ ಹಾಳೆಯ ಮೇಲೆ ದೊಡ್ಡದಾಗಿ ಬರೆದಿರುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು. ಮೂರು ಹೆಸರು ಗುರುತಿಟ್ಟುಕೊಂಡರೆ ಹೆಚ್ಚಿನವರಿಗೆ ಸಾಕು. ಕೆಳಗಿನ ಅಳತೆಗಳೆಲ್ಲ ಆರೋಗ್ಯವಂತ ದೊಡ್ಡವರಿಗೆ.

ಡೈಮೆನ್‌ಹೈಡ್ರಿನೇಟ್ ಬೇಗ ಕೆಲಸ ಶುರು ಮಾಡುತ್ತದೆ, ಬೇಗ ಮುಗಿಯುತ್ತದೆ. 50 ಮಿಲಿಗ್ರಾಂ ಮಾತ್ರೆಯನ್ನು ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಅದರ ಬಲ ನಾಲ್ಕರಿಂದ ಆರು ಗಂಟೆ. ಮೆಕ್ಲಿಜಿನ್ ನಿಧಾನ, ಆದರೆ ದೀರ್ಘ. 25 ಮಿಲಿಗ್ರಾಂ, ಒಂದು ಗಂಟೆ ಮೊದಲು, ದಿನಕ್ಕೊಮ್ಮೆ. ಸಿನ್ನಾರಿಜಿನ್ ಎರಡು ಗಂಟೆ ಮೊದಲೇ ಬೇಕು. ಮೊದಲು 30 ಮಿಲಿಗ್ರಾಂ, ಆಮೇಲೆ ಬೇಕಾದರೆ ಎಂಟು ಗಂಟೆಗೊಮ್ಮೆ 15. ಕಿವಿಯ ಹಿಂದೆ ಅಂಟಿಸುವ ಹಯೋಸಿನ್ ಪಟ್ಟಿ ಇನ್ನೊಂದು ದಾರಿ. ಅದನ್ನು ಕನಿಷ್ಠ ನಾಲ್ಕು ಗಂಟೆ ಮೊದಲು ಅಂಟಿಸಬೇಕು, ಮೂರು ದಿನದವರೆಗೆ ನಡೆಯುತ್ತದೆ. ಮುಟ್ಟಿದ ಕೈ ತೊಳೆಯದೆ ಕಣ್ಣುಜ್ಜಿಕೊಂಡರೆ ಕಣ್ಣಿನ ಪಾಪೆ ಹಿಗ್ಗಿ ನೋಟ ಮಬ್ಬಾಗುತ್ತದೆ. ಇದನ್ನು ಡಾಕ್ಟರ್ ಹೇಳಿದರೆ ಮಾತ್ರ ಬಳಸಿ.

ಇವೆಲ್ಲ ನಿದ್ದೆ ತರಿಸುತ್ತವೆ. ಕೆಲಸ ಮಾಡುವ ರೀತಿಯೇ ಮಿದುಳಿನ ಮೂಲಕ. ನಿದ್ದೆ ಬರಿಸದ ಹೊಸ ಅಲರ್ಜಿ ಮಾತ್ರೆಗಳು ಮಿದುಳಿಗೆ ಹೋಗುವುದು ತೀರಾ ಕಡಿಮೆ, ಆದ್ದರಿಂದ ಬಸ್ಸಿನ ವಾಂತಿಗೆ ಅವು ಉಪಯೋಗವಿಲ್ಲ. ಹೊಟ್ಟೆ ಕೆಟ್ಟಾಗ ವಾಂತಿ ನಿಲ್ಲಿಸಲು ಕೊಡುವ ಆಂಡಾನ್ಸೆಟ್ರಾನ್ ಕೂಡ ಈ ಥರದ ವಾಕರಿಕೆಗೆ ಅಷ್ಟಾಗಿ ಹಿಡಿಯುವುದಿಲ್ಲ. ಮನೆಯಲ್ಲಿ ಉಳಿದಿದೆ ಅಂತ ಅದನ್ನೇ ನುಂಗಿ ಹೊರಡುವವರು ಇದನ್ನು ಗಮನಿಸಬೇಕು.

ಹೊಸ ಮಾತ್ರೆಯನ್ನು ಪ್ರಯಾಣವಿಲ್ಲದ ಒಂದು ದಿನ ಮನೆಯಲ್ಲೇ ನುಂಗಿ ನೋಡಿ. ಎಷ್ಟು ನಿದ್ದೆ ಬರುತ್ತದೆ, ಬಾಯಿ ಎಷ್ಟು ಒಣಗುತ್ತದೆ ಎಂಬುದು ತಿಳಿಯುತ್ತದೆ. ನುಂಗಿದ ದಿನ ಗಾಡಿ ಓಡಿಸಬಾರದು, ಮದ್ಯ ಮುಟ್ಟಬಾರದು. ನೆಗಡಿ ಮಾತ್ರೆಗಳಲ್ಲಿ ಇದೇ ಜಾತಿಯ ಔಷಧಿ ಇರುವುದುಂಟು, ಎರಡೂ ಸೇರಿದರೆ ಮಂಪರು ಹೆಚ್ಚಾಗುತ್ತದೆ. ಕಣ್ಣಿನ ಒತ್ತಡದ ಕಾಯಿಲೆ ಇರುವವರು, ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರಕ್ಕೆ ತೊಂದರೆ ಇರುವವರು, ನಿದ್ದೆ ಮಾತ್ರೆ ನುಂಗುವವರು, ಪಾರ್ಕಿನ್ಸನ್ ಅಥವಾ ಮೂರ್ಛೆ ರೋಗ ಇರುವವರು, ವಯಸ್ಸಾದವರು, ಗರ್ಭಿಣಿಯರು, ಎದೆಹಾಲು ಕೊಡುವವರು ಡಾಕ್ಟರನ್ನು ಕೇಳದೆ ಇವನ್ನು ನುಂಗಬಾರದು.

ಮಕ್ಕಳ ವಿಷಯ ಚಿಕ್ಕದಾಗಿ. ಎರಡು ವರ್ಷದೊಳಗಿನವರಿಗೆ ಈ ತೊಂದರೆ ಬರುವುದೇ ಅಪರೂಪ, ಆರರಿಂದ ಹನ್ನೆರಡರ ನಡುವೆ ಜಾಸ್ತಿ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಪ್ರೊಮೆಥಜಿನ್ ಎಂಬ ಸಿರಪ್ ಎರಡು ವರ್ಷದೊಳಗಿನ ಮಕ್ಕಳಿಗೆ ಅಪಾಯ, ಅವರ ಉಸಿರಾಟವೇ ಕುಗ್ಗಬಹುದು. ಔಷಧಿ, ಅಳತೆ ಎರಡನ್ನೂ ಮಕ್ಕಳ ಡಾಕ್ಟರ್ ಹೇಳಬೇಕು.

ಒಂದು ಪ್ರಯಾಣದ ಲೆಕ್ಕ

ನಮ್ಮ ಚಿಕ್ಕಮ್ಮನಿಗೆ ಬಸ್ಸು ಆಗಿಬರುವುದೇ ಇಲ್ಲ. ಅವರಿಗೆ ಮಾಡಿಕೊಟ್ಟ ಲೆಕ್ಕವನ್ನೇ ಇಲ್ಲಿ ಹಾಕುತ್ತೇನೆ. ಬಸ್ಸು ಬೆಳಗ್ಗೆ 7ಕ್ಕೆ. ಮಧ್ಯಾಹ್ನ 12ರವರೆಗೆ ನೇರ ರಸ್ತೆ. 12ರಿಂದ 2ರವರೆಗೆ ಘಾಟಿ. 4ಕ್ಕೆ ಊರು. ಊಟಕ್ಕೆ ನಿಲ್ಲುವುದು 11ಕ್ಕೆ. ಡಾಕ್ಟರ್ ಡೈಮೆನ್‌ಹೈಡ್ರಿನೇಟ್ 50 ಮಿಲಿಗ್ರಾಂ ಹೇಳಿದ್ದರು.

ಹಿಂದೆಲ್ಲ ಅವರು ಹೊರಡುವ ಮೊದಲು ಒಂದು ಮಾತ್ರೆ ನುಂಗುತ್ತಿದ್ದರು, ಘಾಟಿಯಲ್ಲಿ ವಾಂತಿ ಆಗುತ್ತಿತ್ತು, "ಮಾತ್ರೆ ಸುಳ್ಳು ಕಣೋ" ಅನ್ನುತ್ತಿದ್ದರು. ಲೆಕ್ಕ ನೋಡಿ. 6:15ಕ್ಕೆ ನುಂಗಿದ ಮಾತ್ರೆಯ ಬಲ ಘಾಟಿ ಶುರುವಾಗುವ ಹೊತ್ತಿಗೆ ಇಳಿಮುಖ. ನೇರ ರಸ್ತೆಯಲ್ಲಿ ಮಾತ್ರೆ ಕಾವಲು ಕಾಯುತ್ತದೆ, ತಿರುವು ಬಂದಾಗ ಜಾಗ ಖಾಲಿ ಮಾಡುತ್ತದೆ.

ಬದಲಾಯಿಸಿದ ಲೆಕ್ಕ ಹೀಗೆ. ಬೆಳಗ್ಗೆ 5ಕ್ಕೆ ಎರಡು ತುಂಡು ಬ್ರೆಡ್, ಒಂದು ಬಾಳೆಹಣ್ಣು. 6ಕ್ಕೆ ಶುಂಠಿ ನೀರು. 6:15ಕ್ಕೆ ಮೊದಲ ಮಾತ್ರೆ. ಮೂರನೇ ಸಾಲಿನಲ್ಲಿ ದಾರಿ ಪಕ್ಕದ ಸೀಟು. 9ಕ್ಕೆ ನಾಲ್ಕು ಬಿಸ್ಕತ್ತು. 11ಕ್ಕೆ ಬಸ್ಸು ನಿಂತಾಗ ಕೆಳಗಿಳಿದು ಐದು ನಿಮಿಷ ನಡಿಗೆ, ಆಮೇಲೆ ಸ್ವಲ್ಪ ಅನ್ನ, ಅಷ್ಟೇ. 11:15ಕ್ಕೆ ಎರಡನೇ ಮಾತ್ರೆ, ಅಂದರೆ ಮೊದಲನೆಯದನ್ನು ನುಂಗಿ ಐದು ಗಂಟೆ, ಘಾಟಿಗೆ ಇನ್ನೂ ಮುಕ್ಕಾಲು ಗಂಟೆ. ಈ ಎರಡನೇ ಮಾತ್ರೆಯೇ ಇಡೀ ಲೆಕ್ಕದ ತಿರುಳು. ಬಸ್ಸು ತಡವಾದರೂ ಅದು ಘಾಟಿಯ ಮೊದಲೇ ಹೋಗಬೇಕು. ಎರಡರ ನಡುವೆ ನಾಲ್ಕು ಗಂಟೆಗಿಂತ ಕಡಿಮೆ ಮಾತ್ರ ಆಗಬಾರದು.

ಇದೇ ಪ್ರಯಾಣಕ್ಕೆ ಮೆಕ್ಲಿಜಿನ್ ಆಗಿದ್ದರೆ ಬೆಳಗ್ಗೆ 6ಕ್ಕೆ ಒಂದೇ ಮಾತ್ರೆ ಸಾಕಿತ್ತು. ದಾರಿಯಲ್ಲಿ ಮಾತ್ರೆ ನೆನಪಿಡುವುದು ಕಷ್ಟ ಎನ್ನುವವರಿಗೆ ಅದು ಸರಿ.

ತಿರುವಿನಲ್ಲಿ ತಲೆ

ಘಾಟಿ ಶುರುವಾಗುವ ಹದಿನೈದು ನಿಮಿಷ ಮೊದಲೇ ಫೋನ್ ಒಳಗಿಡಿ. ನೀರು, ಕವರ್, ಕರವಸ್ತ್ರ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ತಿರುವಿನ ಮಧ್ಯೆ ಬಗ್ಗಿ ಕಾಲ ಬಳಿಯ ಬ್ಯಾಗು ಹುಡುಕುವುದು ತುಂಬ ಕೆಟ್ಟದ್ದು. ಬಸ್ಸು ಒಂದು ದಿಕ್ಕಿಗೆ ತಿರುಗುತ್ತಿರುವಾಗ ತಲೆ ಇನ್ನೊಂದು ದಿಕ್ಕಿಗೆ ಬಗ್ಗಿದರೆ ಒಳಕಿವಿ ಪೂರ್ತಿ ಗಲಿಬಿಲಿಯಾಗುತ್ತದೆ.

ಡ್ರೈವರ್ ತಲೆಯನ್ನು ಗಮನಿಸಿ. ಎಡಕ್ಕೆ ತಿರುಗುವಾಗ ಅವರ ತಲೆ ಸ್ವಲ್ಪ ಎಡಕ್ಕೇ ವಾಲುತ್ತದೆ. ಹಿಂದೆ ಕೂತವರ ತಲೆ ಬಲಕ್ಕೆ ಎಸೆದಂತೆ ಹೋಗುತ್ತದೆ. ಡ್ರೈವರ್ ಥರ, ತಿರುವಿನ ಒಳಗಡೆಗೆ ತಲೆ ಸ್ವಲ್ಪವೇ ವಾಲಿಸಿದರೆ ತೊಂದರೆ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳಲ್ಲೂ ಕಂಡಿದೆ. ರಸ್ತೆ ಕಾಣುವ ಸೀಟು ಇದಕ್ಕೂ ಬೇಕು, ಇಲ್ಲದಿದ್ದರೆ ತಿರುವು ಯಾವ ಕಡೆಗೆ ಅಂತ ಗೊತ್ತಾಗುವುದು ತಡ. ಇದು ಆಗದಿದ್ದರೆ ತಲೆಯನ್ನು ಸೀಟಿನ ಬೆನ್ನಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿ.

ವಾಕರಿಕೆಗೆ ಮುಂಚೆ ಸುಳಿವು ಬರುತ್ತದೆ. ನಿದ್ದೆ ಇಲ್ಲದಿದ್ದರೂ ಮೇಲಿಂದ ಮೇಲೆ ಆಕಳಿಕೆ, ನಿಟ್ಟುಸಿರು, ಹಣೆಯಲ್ಲಿ ತಣ್ಣನೆ ಬೆವರು, ಮುಖ ಬಿಳಿಚುವುದು, ಬಾಯಲ್ಲಿ ನೀರೂರುವುದು. ಆಕಳಿಕೆಯ ಹಂತದಲ್ಲೇ ಮಾತು ನಿಲ್ಲಿಸಿ, ತಣ್ಣನೆ ಗಾಳಿ ಮುಖಕ್ಕೆ ಬರುವಂತೆ ಮಾಡಿಕೊಳ್ಳಿ, ನಿಧಾನವಾಗಿ ಎಣಿಸಿಕೊಂಡು ಉಸಿರಾಡಿ. ಬಾಯಲ್ಲಿ ನೀರು ತುಂಬುತ್ತಿದ್ದರೆ ಹೊತ್ತು ಕಡಿಮೆ ಇದೆ, ಕವರ್ ಕೈಗೆ ತಗೊಳ್ಳಿ.

ವಾಂತಿಯಾಗಿಬಿಟ್ಟರೆ ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಏನೂ ಬೇಡ. ಆಮೇಲೆ ಒಂದೊಂದು ಗುಟುಕು ನೀರು ಅಥವಾ ಓಆರ್‌ಎಸ್. ತಕ್ಷಣ ಇನ್ನೊಂದು ಮಾತ್ರೆ ನುಂಗಬೇಡಿ. ಮೊದಲನೆಯದು ಎಷ್ಟು ಒಳಗೆ ಹೋಗಿದೆ ಎಂದು ಹೇಳಲಾಗದು, ಆದ್ದರಿಂದ ಪೂರ್ತಿ ನುಂಗಿದಂತೆಯೇ ಲೆಕ್ಕ ಹಿಡಿಯಿರಿ. ಇಳಿದ ಮೇಲೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಎಲ್ಲ ಸರಿಹೋಗುತ್ತದೆ. ಮರುದಿನವೂ ತಲೆ ಸುತ್ತುತ್ತಿದ್ದರೆ, ಜೋರು ತಲೆನೋವು ಇದ್ದರೆ, ಕಿವಿ ಮಂದವಾದರೆ ಅಥವಾ ನೀರೂ ನಿಲ್ಲದಿದ್ದರೆ ಅದು ಬಸ್ಸಿನ ಕಾಟವಲ್ಲ ಎಂದುಕೊಂಡು ಡಾಕ್ಟರ ಬಳಿ ಹೋಗಿ.

ವಾಪಸು ಬರುವಾಗ ಅದೇ ಲೆಕ್ಕ ಹಿಡಿಯಬೇಡಿ. ಚಿಕ್ಕಮ್ಮನ ದಾರಿಯಲ್ಲಿ ಹಿಂತಿರುಗುವಾಗ ಘಾಟಿ ಬರುವುದು ಹೊರಟ ಎರಡನೇ ಗಂಟೆಯಿಂದ ನಾಲ್ಕನೇ ಗಂಟೆಯೊಳಗೆ. ಅವತ್ತು ಹೊರಡುವ ಮುಕ್ಕಾಲು ಗಂಟೆ ಮೊದಲು ನುಂಗಿದ ಒಂದೇ ಡೈಮೆನ್‌ಹೈಡ್ರಿನೇಟ್ ಪೂರ್ತಿ ಘಾಟಿ ದಾಟಿಸುತ್ತದೆ. ಎರಡನೆಯದು ಹಾಳೆಯಲ್ಲೇ ಉಳಿಯಲಿ. ಊಟದ ನಿಲುಗಡೆ ಘಾಟಿ ಇಳಿದ ಮೇಲೆ ಬಂದರೆ ಅಲ್ಲಿ ಹೊಟ್ಟೆ ತುಂಬ ಉಣ್ಣಬಹುದು.